ಕೆಂಪು ಕೊಡೆಯವಳು ತಿರುಗಬಾರದು

ಹಲ್ಲಿನ ಡಾಕ್ಟರ ಹತ್ತಿರ ಅರ್ಧ ಬಾಯಿ ಮರಗಟ್ಟಿಸಿಕೊಂಡು ಬಂದ ನೆನಪಕ್ಕ ಎಡಿಟಿಂಗ್ ಕೋಣೆಯ ಬಾಗಿಲು ತಳ್ಳಿದಾಗ, ಎದುರಿನ ದೊಡ್ಡ ಪರದೆಯ ಮೇಲೆ ಅವಳ ಅತ್ತಿಗೆ ನಿಂತಿದ್ದಳು.

ನಿಂತಿದ್ದಳು ಎಂದರೆ ಚಿತ್ರ ನಿಲ್ಲಿಸಿಟ್ಟಿದ್ದರು. ಮಳೆಯಲ್ಲಿ ತೊಯ್ದ ರಾತ್ರಿ ಸಂತೆ, ಗುಲಾಬಿ ನೀಲಿ ಬೆಳಕು ಹರಿದ ಒದ್ದೆ ನೆಲ, ಕೆಂಪು ಕೊಡೆ, ಬೂದು ಕೋಟು. ಕೊಡೆಯ ಅಂಚಿನಡಿಯಿಂದ ಭುಜದ ಮೇಲಿಂದ ಹಿಂದಿರುಗಿ ನೋಡುತ್ತಿದ್ದ ಮುಖ, ಸಂಶಯವೇ ಇಲ್ಲ, ಅತ್ತಿಗೆಯದು. ಎಡ ಹುಬ್ಬಿನ ಮೇಲಿನ ಹಳೇ ಗಾಯದ ಗೆರೆ ಕೂಡ ಇತ್ತು. ಆ ಗೆರೆ ಹೇಗೆ ಬಂತು ಎಂದು ಆ ಕೋಣೆಯಲ್ಲಿ ನೆನಪಕ್ಕನಿಗೆ ಮಾತ್ರ ಗೊತ್ತಿತ್ತು.

"ನೋಡು ನೆನಪಕ್ಕ, ನೋಡು!" ಎಂದ ನಿರ್ದೇಶಕ, ಕುರ್ಚಿಯಲ್ಲಿ ಅರ್ಧ ಎದ್ದು. "ನಿನ್ನ ಮೆಷಿನ್ ಇವತ್ತು ಸತ್ಯವಾಗ್ಲೂ ಸಿನಿಮಾ ಮಾಡಿದೆ. ಟ್ರೈಲರ್ ಇದರಿಂದ್ಲೇ ಶುರು. ಯೂಟ್ಯೂಬಲ್ಲಿ ಮೊದಲು ಕಾಣೋ ಚಿತ್ರಾನೂ ಇದೇ, ಇದೇ ಮುಖ."

ನೆನಪಕ್ಕ ಎನ್ನುವುದು ಅವಳಿಗೆ ಸಿನಿಮಾದವರು ಇಟ್ಟ ಹೆಸರು. ಹದಿನಾರು ವರ್ಷ ಅವಳು ಸೆಟ್ಟುಗಳಲ್ಲಿ ಕಂಟಿನ್ಯುಟಿ ನೋಡಿದವಳು. ಹಿಂದಿನ ಶಾಟಿನಲ್ಲಿ ನಾಯಕನ ತೋಳು ಎಷ್ಟು ಮಡಚಿತ್ತು, ಲೋಟದಲ್ಲಿ ನೀರು ಎಲ್ಲಿವರೆಗಿತ್ತು ಎಂದು ನೆನಪಿಡುವುದೇ ಅವಳ ಹೊಟ್ಟೆಪಾಡು. ಈಗ ಎರಡು ವರ್ಷದಿಂದ ಅದೇ ಕಣ್ಣನ್ನು ಬೇರೆ ಕೆಲಸಕ್ಕೆ ಹಚ್ಚಿದ್ದಳು. ಬೇಕಾದ ದೃಶ್ಯವನ್ನು ಮಾತಿನಲ್ಲಿ ಬರೆದುಕೊಟ್ಟರೆ ವಿಡಿಯೋ ಮಾಡಿಕೊಡುವ ಎಐ ಮೆಷಿನ್ನಿಗೆ ಪ್ರಾಂಪ್ಟ್ ಬರೆಯುತ್ತಿದ್ದಳು. ಹಳಬರು ಅದನ್ನು ಮಂತ್ರ ಹಾಕೋದು ಎಂದು ಆಡಿಕೊಳ್ಳುತ್ತಿದ್ದರು. ಮಂತ್ರವಾದರೂ ಒಂದೇ ರೀತಿ ಫಲ ಕೊಡುತ್ತದಂತೆ, ಇದು ಹಾಗಲ್ಲ. ಒಂದೇ ಪ್ರಾಂಪ್ಟನ್ನು ಆರು ಸಲ ಹಾಕಿದರೆ ಆರು ಬೇರೆ ಬೇರೆ ಕೂಸು ಹುಟ್ಟುತ್ತವೆ.

ನಿಜವಾದ ಸಂತೆಯಲ್ಲಿ ಚಿತ್ರೀಕರಣಕ್ಕೆ ಅನುಮತಿ ಸಿಕ್ಕಿರಲಿಲ್ಲ. ಸೆಟ್ಟಿನಲ್ಲಿ ಒಂದು ಸಣ್ಣ ಓಣಿ ಕಟ್ಟಿ, ಒಬ್ಬ ಹೆಂಗಸು ಕೆಂಪು ಕೊಡೆ ಹಿಡಿದು ನಡೆದುಹೋಗುವುದನ್ನು ಹಿಂದಿನಿಂದ ತೆಗೆದಿದ್ದರು. ಇಡೀ ಸಂತೆ ಕಾಣುವ ದೊಡ್ಡ ಶಾಟ್ ಮಾತ್ರ ಮೆಷಿನ್ನಿನ ಪಾಲಿಗೆ ಬಿದ್ದಿತ್ತು. ಎಂಟು ಸೆಕೆಂಡು, ಕೊಡೆಯವಳ ಹಿಂದೆ ನಿಧಾನವಾಗಿ ಹಿಂಬಾಲಿಸುವ ಕ್ಯಾಮೆರಾ.

ಅದಕ್ಕಾಗಿ ನೆನಪಕ್ಕ ವಾರವಿಡೀ ಒದ್ದಾಡಿದ್ದಳು. ಮೊದಲು 'ನಿಧಾನ' ಎಂದಷ್ಟೇ ಬರೆದಾಗ ಕ್ಯಾಮೆರಾ ಜೊತೆಗೆ ಸಂತೆಯ ಜನರೂ ಮಳೆ ಹನಿಗಳೂ ಬೆಲ್ಲದ ಪಾಕದಲ್ಲಿ ಸಿಕ್ಕಿಕೊಂಡವರಂತೆ ತೇಲಿದರು. ಜನ ಎಂದಿನ ವೇಗದಲ್ಲಿ ನಡೆಯುತ್ತಾರೆ, ಕ್ಯಾಮೆರಾ ಮಾತ್ರ ನಿಧಾನ ಎಂದು ಬಿಡಿಸಿ ಹೇಳಬೇಕಾಯಿತು. ನಿಯಾನ್ ಬೋರ್ಡುಗಳ ಮೇಲೆ ಯಾವ ಲೋಕದ್ದೋ ಲಿಪಿ ಬಂತು. ಅಕ್ಷರವೇ ಬೇಡವೆಂದು ಬರೀ ಬಣ್ಣದ ಕೊಳವೆಗಳನ್ನು ಕೇಳಿ, ಅವುಗಳನ್ನೂ ಮಸುಕಾಗಿ ಹಿಂದಕ್ಕೆ ತಳ್ಳಿದಳು. ಕೊನೆಗೆ ಬೆಳಗ್ಗೆ ಡಾಕ್ಟರ ಹತ್ತಿರ ಹೋಗುವ ಗಡಿಬಿಡಿಯಲ್ಲಿ ಹಾಕಿಹೋದದ್ದು ಇದು:

'ರಾತ್ರಿ. ಮಳೆ ಸುರಿಯುತ್ತಿರುವ ಸಂತೆ, ಇಕ್ಕಟ್ಟಾದ ಓಣಿ. ಎರಡೂ ಬದಿ ಪ್ಲಾಸ್ಟಿಕ್ ಹೊದಿಸಿದ ಅಂಗಡಿಗಳು. ಗುಲಾಬಿ ಮತ್ತು ನೀಲಿ ನಿಯಾನ್ ದೀಪ, ಅವುಗಳ ಪ್ರತಿಬಿಂಬ ಒದ್ದೆ ನೆಲದ ಮೇಲೆ ಉದ್ದಕ್ಕೆ ಹರಿದಿದೆ. ಬೂದು ಕೋಟಿನ ಹೆಂಗಸು ಕೆಂಪು ಕೊಡೆ ಹಿಡಿದು ಜನರ ನಡುವೆ ನಡೆಯುತ್ತಾಳೆ. ಕ್ಯಾಮೆರಾ ಅವಳ ಹಿಂದೆ ಭುಜದ ಎತ್ತರದಲ್ಲಿ, ಅಲುಗದೆ, ನಿಧಾನವಾಗಿ ಹಿಂಬಾಲಿಸುತ್ತದೆ. ಅವಳು ಹಿಂದಿರುಗಿ ನೋಡಬಾರದು. ಅವಳ ಮುಖ ಕಾಣಬಾರದು.'

ಕೊನೆಯ ಎರಡು ಸಾಲಿನಲ್ಲೇ ಎಡವಟ್ಟಾಗಿತ್ತು. ಬೇಡ ಎನ್ನುವುದು ಇಂಥ ಮೆಷಿನ್ನಿನ ಕಿವಿಗೆ ಸರಿಯಾಗಿ ಬೀಳುವುದಿಲ್ಲ. ಮುಖ ಎಂದೊಡನೆ ಅದಕ್ಕೆ ಮುಖ ನೆನಪಾಗುತ್ತದೆ, ತಿರುಗಬೇಡ ಎಂದರೆ ತಿರುಗುವುದು ನೆನಪಾಗುತ್ತದೆ. ಬೇಕಾದ್ದನ್ನು ಹೇಳಬೇಕು, ಬೇಡದ್ದರ ಹೆಸರೇ ಎತ್ತಬಾರದು. ಇದನ್ನು ಹೊಸಬರಿಗೆ ಪಾಠ ಹೇಳಿಕೊಡುವವಳೇ ಅವಳು! ಆದರೂ ಭಯಕ್ಕೆ ಬರೆದಿದ್ದಳು.

ಅಷ್ಟಾದರೂ ಬಂದ ಮುಖ ಯಾರದೋ ಆಗಿರುತ್ತಿತ್ತು. ಅದು ಅತ್ತಿಗೆಯದೇ ಆದದ್ದು ಹದಿನಾರು ವರ್ಷದ ಚಾಳಿಯಿಂದ. ಸೆಟ್ಟಿನಲ್ಲಿ ಯಾರು ವೇಷ ಹಾಕಿ ನಿಂತರೂ ಕಂಟಿನ್ಯುಟಿಯವರು ಮೂರು ಫೋಟೋ ತೆಗೆಯುತ್ತಾರೆ, ಎದುರಿನಿಂದ, ಪಕ್ಕದಿಂದ, ಹಿಂದಿನಿಂದ. ಕೋಟಿನ ಬಣ್ಣ, ಕೊಡೆಯ ಹಿಡಿಕೆ ನಿಜವಾದ ಶಾಟಿಗೆ ಹೊಂದಲಿ ಎಂದು ಮೆಷಿನ್ನಿಗೆ ಮಾದರಿ ಚಿತ್ರ ಕೊಡಬೇಕಿತ್ತು. ಓಣಿಯಲ್ಲಿ ಕೊಡೆ ಹಿಡಿದು ನಡೆದವಳು ಅತ್ತಿಗೆಯೇ, ಕೈ ತಾನಾಗಿ ಅವಳ ಮೂರು ಫೋಟೋಗಳನ್ನೂ ಕೊಟ್ಟಿತ್ತು. ಬೆನ್ನಿನದು ಒಂದೇ ಸಾಕಿತ್ತು. ಆರು ವಿಡಿಯೋಗಳಲ್ಲಿ ಐದು ಸಭ್ಯವಾಗಿ ಬೆನ್ನು ತೋರಿಸಿದವು, ಆರನೆಯದು ತಿರುಗಿತು, ನಿರ್ದೇಶಕ ಅದನ್ನೇ ಆರಿಸಿದ.

"ಸಾರ್, ಇದು ಬೇಡ," ಎಂದಳು. ಮರಗಟ್ಟಿದ ಬಾಯಿಯಿಂದ ಅದು 'ಬೇದ' ಎಂದು ಬಂತು.

"ಏನು?"

"ಆ ಹೆಂಗಸಿಗೆ ಬೆನ್ನು ಮಾತ್ರ ಅಂತ ಹೇಳಿ ಕರ್ಕೊಂಡು ಬಂದಿದ್ದು ನಾನು. ಮುಖ ತೋರಿಸಲ್ಲ ಅಂತ ಮಾತು ಕೊಟ್ಟಿದ್ದೀನಿ."

"ಅವಳಿಗೆ ಖುಷಿ ಆಗತ್ತೆ ಮಾರಾಯ್ತಿ! ಒಂದು ದಿನದ ಎಕ್ಸ್‌ಟ್ರಾ ಆಗಿ ಬಂದವಳು ಟ್ರೈಲರಿನ ಮುಖ ಆಗ್ತಾಳೆ. ಯಾರಿಗುಂಟು ಯಾರಿಗಿಲ್ಲ? ನಾನೇ ಫೋನ್ ಮಾಡಿ ಹೇಳ್ತೀನಿ, ನಂಬರ್ ಕೊಡು."

ನೆನಪಕ್ಕನಿಗೆ ನಿಜ ಹೇಳಿಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಹೇಳಿದರೆ ಈತ ಕೆಟ್ಟವನಲ್ಲ, ಕರಗಿಬಿಡುತ್ತಾನೆ. ಕರಗಿ, ಸಂಜೆಯೊಳಗೆ ಹತ್ತು ಜನರಿಗೆ ಕಣ್ಣೀರು ಹಾಕಿಕೊಂಡು ಅದೇ ಕಥೆ ಹೇಳುತ್ತಾನೆ. ಅವನ ಬಾಯಿ ಬೊಂಬಾಯಿ ಎಂಬುದು ಇಡೀ ಚಿತ್ರರಂಗಕ್ಕೆ ಗೊತ್ತಿದ್ದ ಮಾತು.

ಕಥೆ ಅಂಥ ದೊಡ್ಡದೂ ಅಲ್ಲ. ಒಂದು ಮುಂಜಾನೆ ಅತ್ತಿಗೆ ಮಗಳ ಕೈ ಹಿಡಿದುಕೊಂಡು, ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಇವಳ ಬಾಗಿಲಿಗೆ ಬಂದು ನಿಂತಿದ್ದಳು. ಹೊಡೆದವನು ನೆನಪಕ್ಕನ ಸ್ವಂತ ಅಣ್ಣ. ಅಪ್ಪ ಸತ್ತ ಮೇಲೆ ಇವಳ ಶಾಲೆಯ ಚೀಲ ಹೊತ್ತುಕೊಂಡು ಬಿಟ್ಟುಬರುತ್ತಿದ್ದ ಅಣ್ಣ. ತಂಗಿಯನ್ನು ಒಂದು ದಿನವೂ ಗದರಿಸದವನು. ಈಗ ಬೇರೆ ಊರಲ್ಲಿ ಟೈರ್ ಅಂಗಡಿ ಇಟ್ಟುಕೊಂಡು, ವಾರಕ್ಕೊಮ್ಮೆ ಫೋನ್ ಮಾಡಿ, "ಅವಳ ಸುದ್ದಿ ಏನಾದ್ರೂ ಗೊತ್ತಾಯ್ತಾ ಪುಟ್ಟಿ?" ಎಂದು ಕೇಳುತ್ತಿದ್ದ. ಇಲ್ಲ ಅಣ್ಣಾ ಎನ್ನುತ್ತಿದ್ದಳು. ಅತ್ತಿಗೆಗೆ ಊರಿನ ಆಚೆ ತುದಿಯಲ್ಲಿ ಕೋಣೆ ಹುಡುಕಿಕೊಟ್ಟದ್ದೂ ಇವಳೇ, ಆ ಒಂದು ದಿನದ ಕೂಲಿ ಕೊಡಿಸಿದ್ದೂ ಇವಳೇ. 'ಬೆನ್ನು ತಾನೇ, ಬೆನ್ನು ಯಾರಿಗೆ ಗುರುತು ಸಿಗುತ್ತೆ' ಎಂದು ನಂಬಿಸಿದ್ದಳು.

ಅಣ್ಣನೋ, ತಂಗಿ ಕೆಲಸ ಮಾಡಿದ ಸಿನಿಮಾ ಎಂದರೆ ಅಂಗಡಿ ಕೆಲಸ ನಿಲ್ಲಿಸಿ ನೋಡುವವನು. ಟ್ರೈಲರ್ ಸಂಜೆ ಹೊರಗೆ ಬಂದರೆ ಮೊದಲ ಹತ್ತು ಜನರಲ್ಲಿ ಅವನಿರುತ್ತಿದ್ದ. ಆಮೇಲೆ ಎಕ್ಸ್‌ಟ್ರಾ ಕಲಾವಿದರನ್ನು ಕಳಿಸುವ ಏಜೆಂಟನ್ನು ಹುಡುಕಿ ವಿಳಾಸ ತೆಗೆಯುವುದು ಅವನಿಗೆ ಎಷ್ಟು ಹೊತ್ತಿನ ಕೆಲಸ?

"ಅವಳ ಹತ್ರ ಫೋನಿಲ್ಲ ಸಾರ್," ಎಂದು ಸುಳ್ಳು ಹೇಳಿದಳು. "ಅದೂ ಅಲ್ದೆ ಶಾಟೇ ತಪ್ಪಿದೆ. ನೆಲ ನೋಡಿ. ಕೊಡೆ ಕೆಂಪು, ನೀರಲ್ಲಿ ಕೆಂಪೇ ಇಲ್ಲ. ಬೆಳಕು ಎಲ್ಲ ಬಿದ್ದಿದೆ, ಕೊಡೆ ಬಿದ್ದಿಲ್ಲ."

ನಿರ್ದೇಶಕ ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿ ನೋಡಿದ. "ಇಂಥ ಮುಖ ಇರ್ಬೇಕಾದ್ರೆ ನೆಲ ಯಾರೇ ನೋಡ್ತಾರೆ?"

"ಬೇರೆ ಮಾಡ್ಕೊಡ್ತೀನಿ. ಇದಕ್ಕಿಂತ ಚೆನ್ನಾಗಿ."

ಅದುವರೆಗೆ ಬಾಯಿ ಬಿಡದೆ ಕೂತಿದ್ದ ಎಡಿಟರ್ ಕುರ್ಚಿ ತಿರುಗಿಸಿದ. ದಪ್ಪ ಮನುಷ್ಯ, ಸದಾ ಏನನ್ನಾದರೂ ಅಗಿಯುತ್ತಿರುವವನು. ಅವನು ಪರದೆಯ ಮುಖವನ್ನೂ ನೆನಪಕ್ಕನ ಕೈಗಳನ್ನೂ ಒಂದೊಂದು ಸಲ ನೋಡಿದ.

"ನಂಗೆ ಹೇಗೂ ಸೌಂಡ್ ಕೂಡಿಸೋದಿದೆ ಸಾರ್," ಎಂದ. "ಅಷ್ಟರೊಳಗೆ ಅಕ್ಕ ಮಾಡ್ಲಿ. ಆಗ್ಲಿಲ್ಲ ಅಂದ್ರೆ ಇದೇ ಇದೆಯಲ್ಲ."

"ಸೌಂಡ್ ಮುಗಿಯೋವರೆಗೆ. ಆಮೇಲೆ ಇದೇ ಹೋಗತ್ತೆ, ನನ್ನ ಕೇಳ್ಬೇಡಿ," ಎಂದು ನಿರ್ದೇಶಕ ಸಿಗರೇಟು ಹುಡುಕಿಕೊಂಡು ಎದ್ದ.

ನೆನಪಕ್ಕ ಮೂಲೆಯ ತನ್ನ ಮೇಜಿಗೆ ಹೋದಳು. ಮೊದಲು ಮಾದರಿ ಚಿತ್ರಗಳಿಂದ ಎದುರಿನದನ್ನೂ ಪಕ್ಕದ್ದನ್ನೂ ಕಿತ್ತುಹಾಕಿದಳು. ಮುಖ, ತಿರುಗು ಎಂಬ ಮಾತುಗಳನ್ನೇ ಅಳಿಸಿ, 'ಶಾಟಿನ ಉದ್ದಕ್ಕೂ ಅವಳ ಬೆನ್ನು ಕ್ಯಾಮೆರಾ ಕಡೆಗಿದೆ, ಅವಳು ಮುಂದಕ್ಕೆ ನಡೆದು ಜನರಲ್ಲಿ ಕರಗುತ್ತಾಳೆ' ಎಂದು ಬರೆದಳು. ಒಂದೊಂದಕ್ಕೆ ಮೂರು ನಾಲ್ಕು ನಿಮಿಷ. ಕೆಲಸ ಎಷ್ಟಾಯಿತೆಂದು ತೋರಿಸುವ ನೀಲಿ ಗೆರೆ ಇಲಿಯ ಬಾಲದಷ್ಟು ಉದ್ದವಾಗಿ ಅಲ್ಲೇ ತೂಕಡಿಸುತ್ತಿತ್ತು. ಮುಗಿದಾಗ ಎಲ್ಲವೂ ಲಕ್ಷಣವಾಗಿತ್ತು, ನೆಲದಲ್ಲಿ ಕೊಡೆಯ ಕೆಂಪೂ ಮೂಡಿತ್ತು.

ನಿರ್ದೇಶಕ ಬಾಗಿಲಲ್ಲೇ ನಿಂತು ನೋಡಿದ. "ಸತ್ತಿದೆ," ಎಂದ. "ತಿರುಗಬೇಕು. ಆ ನೋಟ ಬೇಕು."

ಅಷ್ಟರಲ್ಲಿ ಅವಳ ಫೋನ್ ಕಂಪಿಸಿತು. ಅತ್ತಿಗೆ. ಹೊರಗಿನ ಮೆಟ್ಟಿಲಿಗೆ ಓಡಿಹೋಗಿ ಎತ್ತಿದಳು.

"ಟ್ರೈಲರ್ ಇವತ್ತಂತಲ್ಲ, ಹೌದಾ?" ಅತ್ತಿಗೆಯ ದನಿಯಲ್ಲಿ ಬಹಳ ದಿನದ ಮೇಲೆ ನಗುವಿತ್ತು. "ನನ್ನ ಬೆನ್ನು ಬರತ್ತಾ? ಇವಳು ಆಗ್ಲೇ ಪಕ್ಕದ ಮನೆಯವರಿಗೆಲ್ಲ ಹೇಳ್ಬಿಟ್ಟಿದ್ದಾಳೆ, ನಮ್ಮಮ್ಮನ ಬೆನ್ನು ಸಿನಿಮಾಲಿ ಬರತ್ತೆ ಅಂತ. ಬೈದೆ. ಆದ್ರೂ ನೋಡ್ತೀವಿ."

"ಬರತ್ತೆ ಅತ್ತಿಗೆ."

"ಬೆನ್ನೇ ತಾನೇ?"

"ಬೆನ್ನೇ."

"ನೀನಿದ್ದೀಯಲ್ಲ, ನಂಗೇನು ಭಯ," ಎಂದು ಅತ್ತಿಗೆ ಫೋನಿಟ್ಟಳು. ನೆನಪಕ್ಕನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಎನಿಸಿತು. ಅರ್ಧ ಕೆನ್ನೆಗೆ ಹೊಡೆದರೂ ಗೊತ್ತಾಗುತ್ತಿರಲಿಲ್ಲ, ಆ ಮಾತು ಬೇರೆ.

ಒಳಗೆ ಬಂದು, ತಿರುಗಲಿ, ಆದರೆ ಯಾರದೋ ಮುಖವಾಗಲಿ ಎಂದು ಮಾದರಿ ಇಲ್ಲದೆ ಹಾಕಿದಳು. 'ಅವಳು ಭಯದಿಂದ ಹಿಂದಿರುಗಿ ನೋಡುತ್ತಾಳೆ.' ಬಂದವಳು ನುಣುಪು ಕೆನ್ನೆಯ ಸುಂದರಿ. ಭಯ ಎಂದದ್ದಕ್ಕೆ ಬಾಯಿ ಅಷ್ಟಗಲ ತೆರೆದು, ಕಣ್ಣುಗುಡ್ಡೆ ಹೊರಗೆ ತಂದಿದ್ದಳು. ನಿರ್ದೇಶಕ ಬಿದ್ದು ಬಿದ್ದು ನಕ್ಕ. "ಸೋಪು ಕಣ್ಣಿಗೆ ಹೋಯ್ತು ಅನ್ಸತ್ತೆ ಪಾಪ!" ನಗು ನಿಂತ ಮೇಲೆ ಎಡಿಟರನನ್ನು, "ಎಷ್ಟಿದೆ ಇನ್ನು?" ಎಂದು ಕೇಳಿದ.

"ಮಳೆ ಸೌಂಡ್ ಒಂದು ಬಾಕಿ," ಎಂದ ಎಡಿಟರ್, ಮುಗಿದುಹೋಗಿದ್ದ ಮಳೆಯನ್ನು ಮತ್ತೊಮ್ಮೆ ಮೊದಲಿಂದ ಕೇಳುತ್ತಾ.

ನಿರ್ದೇಶಕನಿಗೆ ಬೇಕಾದದ್ದು ಬದುಕಿನಲ್ಲಿ ಬೆಂದ ಮುಖ. ಅದು ಬರೀ ಮಾತಿನಿಂದ ಹುಟ್ಟುವುದಿಲ್ಲ, ಮೆಷಿನ್ನಿಗೆ ಯಾವುದಾದರೂ ನಿಜವಾದ ಮುಖವನ್ನು ತೋರಿಸಬೇಕು. ಯಾರದನ್ನು? ಕೇಳದೆ ಇನ್ನೊಬ್ಬರದನ್ನು ಹಾಕಿದರೆ ಅತ್ತಿಗೆಗೆ ಮಾಡಿದ್ದನ್ನೇ ಮತ್ತೊಬ್ಬಳಿಗೆ ಮಾಡಿದಂತೆ. ಕೇಳಿ ಒಪ್ಪಿಸುವಷ್ಟು ಸಮಯವಿಲ್ಲ. ಆಗ ಅವಳಿಗೆ ಹೊಳೆಯಿತು, ಯಾರನ್ನೂ ಕೇಳಬೇಕಿಲ್ಲದ ಮುಖ ಒಂದು ತನ್ನ ಕತ್ತಿನ ಮೇಲೇ ಇದೆ.

ಕಾರಿಡಾರಿನ ಬಿಳಿ ಗೋಡೆಗೆ ಬೆನ್ನು ಕೊಟ್ಟು ನಿಂತು ಫೋನಿನಲ್ಲಿ ತನ್ನ ಫೋಟೋ ತೆಗೆದುಕೊಂಡಳು, ಎದುರಿನಿಂದ ಮತ್ತು ಪಕ್ಕದಿಂದ. ಬಾಯಿ ಒಂದು ಕಡೆ ಜೋಲುಬಿದ್ದಿತ್ತು. ಕಣ್ಣಡಿ ಕಪ್ಪು, ನೆತ್ತಿಯಲ್ಲಿ ನರೆ. ಇರಲಿ ಎಂದುಕೊಂಡಳು, ಹೆಣ್ಣು ನೋಡಲು ಯಾರೂ ಬರುತ್ತಿಲ್ಲವಲ್ಲ.

ಫೋಟೋಗಳನ್ನು ಏರಿಸಿದಾಗ ಮೆಷಿನ್ನು ಎಂದಿನಂತೆ, ಈ ವ್ಯಕ್ತಿಯ ಒಪ್ಪಿಗೆ ಪಡೆದಿದ್ದೀರಾ ಎಂದು ಕೇಳಿತು. ಬೆಳಗ್ಗೆ ಅದನ್ನು ಓದದೆ ಒತ್ತಿದ್ದಳು. ಈಗ ಓದಿ ಒತ್ತಿದಳು.

ಇನ್ನು ನೋಟ. ಭಯ ಎಂದು ಬರೆದರೆ ಮತ್ತೆ ನಾಟಕದ ಕಂಪನಿ ಬರುತ್ತದೆ. ಮೆಷಿನ್ನಿಗೆ ಭಾವ ಹೇಳಬಾರದು, ಮೈ ಹೇಳಬೇಕು. ಮೊದಲ ಸಲ ಆ ನೋಟ ಅದೃಷ್ಟಕ್ಕೆ ಬಂದಿತ್ತು, ಈಗ ಬೇಕೆಂದೇ ಕಟ್ಟಬೇಕಿತ್ತು. ಹೇಗೆ ಹೆದರುತ್ತಾಳೆ ಒಬ್ಬಳು, ದಿನಾ ಹೆದರಿ ಅಭ್ಯಾಸವಾದವಳು? ನೆನಪಕ್ಕ ಕಣ್ಣು ಮುಚ್ಚಿದಳು. ಅಂದು ಮುಂಜಾನೆ ಬಾಗಿಲಲ್ಲಿ ನಿಂತಿದ್ದಾಗ ಬೀದಿಯಲ್ಲಿ ಯಾರದೋ ಗಾಡಿಯ ಸದ್ದಾಗಿತ್ತು, ಅತ್ತಿಗೆ ಅದಕ್ಕೆ ಹಿಂದಿರುಗಿ ನೋಡಿದ್ದಳು. ಒಂದೇ ಕ್ಷಣ. ಲೋಟದಲ್ಲಿ ನೀರು ಎಲ್ಲಿವರೆಗಿತ್ತು ಎಂದು ನೆನಪಿಡುವವಳಿಗೆ ಅದು ಮರೆಯುವುದುಂಟೇ? ಎಷ್ಟೋ ಸಲ ಮರೆಯಲು ನೋಡಿದ್ದಳು. ಹೊಡೆದವನು ಅಣ್ಣನಲ್ಲವೇ, ಅವನೇ ತನ್ನನ್ನು ಸಾಕಿದ್ದಲ್ಲವೇ ಎಂದು, ಆ ಒಂದು ಕ್ಷಣವನ್ನೇ ಪಕ್ಕಕ್ಕೆ ಸರಿಸಿಟ್ಟು ವಾರ ವಾರ ಅವನ ಜೊತೆ ಊಟ ತಿಂಡಿಯ ಮಾತಾಡಿದ್ದಳು. ಈಗ ಅದನ್ನು ಎಳೆದು ಮುಂದಿಟ್ಟುಕೊಂಡು, ಕಂಡದ್ದು ಕಂಡಂತೆ ಬರೆದಳು.

'ಐದನೇ ಸೆಕೆಂಡಿನಲ್ಲಿ ಅವಳ ನಡಿಗೆ ತಡವರಿಸುತ್ತದೆ, ನಿಲ್ಲುವುದಿಲ್ಲ. ಮೊದಲು ಭುಜ ಮೇಲೇರುತ್ತದೆ, ಪೆಟ್ಟಿಗೆ ತಯಾರಾದಂತೆ. ಆಮೇಲೆ ತಲೆ ತಿರುಗುತ್ತದೆ, ಪೂರ್ತಿ ಅಲ್ಲ. ಗದ್ದ ಎದೆಗೆ ಹತ್ತಿರ. ಬಾಯಿ ಮುಚ್ಚಿದೆ. ಕಣ್ಣು ಮೊದಲು ನೆಲದ ಮೇಲೆ, ಯಾರದೋ ಪಾದ ಹುಡುಕುವಂತೆ. ನಂತರ ಮೇಲಕ್ಕೆ, ಕ್ಯಾಮೆರಾ ಕಡೆಗೆ. ಮುಖದಲ್ಲಿ ಅಚ್ಚರಿ ಇಲ್ಲ.'

ಬರೆದು ಮುಗಿಸುವಾಗ ಕೀಬೋರ್ಡಿನ ಅಕ್ಷರಗಳು ಮಂಜಾಗಿದ್ದವು. ಮೂಗೊರೆಸಿಕೊಂಡು, ಒಂದೇ ಸಲಕ್ಕೆ ನಾಲ್ಕು ಕೇಳಿದಳು.

ಮೊದಲನೆಯದರಲ್ಲಿ ಕೊಡೆ ಕೈ ಬಿಟ್ಟು ತೇಲಿತು. ಎರಡನೆಯದರಲ್ಲಿ ತಿರುಗಿದ ಕ್ಷಣಕ್ಕೆ ಮುಖ ಕರಗಿ ಅವಳು ಬೇರೆ ಯಾರೋ ಆದಳು. ಮೂರನೆಯದು ಬರುವಷ್ಟರಲ್ಲಿ ನಿರ್ದೇಶಕ ಎಡಿಟರನ ಹೆಗಲು ತಟ್ಟಿ, "ಸಾಕಪ್ಪ ನಿನ್ನ ಮಳೆ, ಕಳ್ಸು. ಹಳೇದೇ ಇರ್ಲಿ," ಎಂದ. ಎಡಿಟರ್ ಮೌಸ್ ಮೇಲೆ ಕೈಯಿಟ್ಟು ಏನೋ ಹುಡುಕುವವನಂತೆ ಸುಮ್ಮನೆ ಆಡಿಸಿದ.

"ಸಾರ್, ಒಂದ್ನಿಮಿಷ," ಎಂದು ನೆನಪಕ್ಕ ಮೂರನೆಯದನ್ನು ದೊಡ್ಡ ಪರದೆಗೆ ಹಾಕಿದಳು.

ಗುಲಾಬಿ ನೀಲಿ ನೆಲ ಮೆಲ್ಲಗೆ ಜಾರಿತು. ಕೊಡೆಯ ಕೆಂಪು ನೀರಿನಲ್ಲಿ ನಡುಗುತ್ತಾ ಜೊತೆಗೇ ಹೋಯಿತು. ಭುಜ ಏರಿತು. ತಲೆ ತಿರುಗಿತು. ಕಣ್ಣು ನೆಲ ನೋಡಿ, ಮೇಲೆದ್ದು, ಮೂವರನ್ನೂ ನೋಡಿತು.

  ಮುಖ ತನ್ನದು, ಆ ನೋಟ ತನ್ನದಲ್ಲ ಎಂದುಕೊಂಡಳು ನೆನಪಕ್ಕ. ತನಗೆ ಜೀವನದಲ್ಲಿ ಯಾರೂ ಅದನ್ನು ಕಲಿಸಿರಲಿಲ್ಲ.

"ನೀನಾ ಇದು?" ಎಂದ ನಿರ್ದೇಶಕ. ದನಿಯಲ್ಲಿ ತಮಾಷೆ ಇರಲಿಲ್ಲ. "ಇದೇ ಹೋಗ್ಲಿ."

ಅವನು ಹೊರಗೆ ಹೋದ ಮೇಲೆ ಎಡಿಟರ್ ಹಳೆಯ ಶಾಟನ್ನು ಟೈಮ್‌ಲೈನಿನಿಂದ ತೆಗೆದ, ಹಾರ್ಡ್‌ಡಿಸ್ಕಿನಿಂದ ಅಳಿಸಿದ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದ. "ಮೆಷಿನ್ ಹಿಸ್ಟರಿಲಿ ಇರತ್ತೆ, ನಿಮ್ಮ ಕಡೆಯಿಂದ ಅಲ್ಲೂ ತೆಗೀರಿ ಅಕ್ಕ. ಫೋಟೋನೂ," ಎಂದನೇ ಹೊರತು ಏನು ಎತ್ತ ಎಂದು ಕೇಳಲಿಲ್ಲ. ಅವಳು ತೆಗೆದಳು.

ಟ್ರೈಲರ್ ಹೊರಬಿದ್ದು ಕಾಲು ಗಂಟೆಯೂ ಆಗಿರಲಿಲ್ಲ, ಅಣ್ಣನ ಫೋನ್ ಬಂತು. ಹಿಂದೆ ಅಂಗಡಿಯ ಗಾಳಿಯಂತ್ರ ಭುಸುಗುಡುತ್ತಿತ್ತು.

"ಪುಟ್ಟೀ! ನೀನೇನೇ ಅದು? ಕೊಡೆ ಹಿಡ್ಕೊಂಡು! ಎಲ್ಲರಿಗೂ ತೋರಿಸ್ತಿದ್ದೀನಿ, ನನ್ನ ತಂಗಿ ಕಣ್ರೋ ಅಂತ. ಸಂತೆಗೆ ಯಾವಾಗ ಹೋಗಿದ್ಯೇ?"

"ಹೋಗಿಲ್ಲ ಅಣ್ಣಾ. ಸಂತೆನೂ ಇಲ್ಲ, ಮಳೆನೂ ಇಲ್ಲ. ಎಲ್ಲ ಮೆಷಿನ್ ಮಾಡಿದ್ದು."

"ಏನಾದ್ರೂ ಹೇಳು, ಎದೆ ಝಲ್ ಅಂತು. ಯಾರನ್ನ ನೋಡಿ ಅಷ್ಟೊಂದು ಹೆದರ್ಕೊಂಡಿದ್ದೀಯೇ?"

ಬಾಯಿಯ ಜೋಮು ಇಳಿದು ಒಸಡು ಸಿಡಿಯುತ್ತಿತ್ತು. ಸುಳ್ಳುಗಳೆಲ್ಲ ಬೆಳಗಿನಿಂದ ಖರ್ಚಾಗಿಹೋಗಿದ್ದವೋ ಏನೋ, ಅವಳ ಬಾಯಿಂದ ಬಂದದ್ದು, "ನಿನ್ನನ್ನೇ."

ಅಣ್ಣ ಹೋ ಎಂದು ನಕ್ಕ. "ಕೇಳಿದ್ರೇನ್ರೋ, ನನ್ನ ನೋಡಿ ಹೆದರಿದ್ಲಂತೆ!" ಎಂದು ಅಂಗಡಿಯವರಿಗೆ ಕೂಗಿ ಹೇಳಿದ. ಅವರೂ ನಕ್ಕದ್ದು ಕೇಳಿಸಿತು. ನೆನಪಕ್ಕನೂ ನಕ್ಕಳು. ನಗದಿದ್ದರೆ ಗೊತ್ತಾಗಿಬಿಡುತ್ತಿತ್ತು.

ಆಮೇಲೆ ಅವನ ನಗು ನಿಂತಿತು. ಫೋನಿನಲ್ಲಿ ಟ್ರೈಲರಿನ ಮಳೆ ಮತ್ತೆ ಮೊದಲಿಂದ ಶುರುವಾದದ್ದು ಕೇಳಿಸಿತು.

"ಆದ್ರೂ ಪುಟ್ಟಿ," ಎಂದ, "ಈ ನೋಟ ಎಲ್ಲೋ ನೋಡಿದ್ದೀನಿ ಅನ್ನಿಸ್ತಿದೆ ಕಣೇ. ಎಲ್ಲಿ ಅಂತ ನೆನಪಾಗ್ತಿಲ್ಲ."

 ಎಡಿಟರ್ ಅಗಿಯುವುದನ್ನು ನಿಲ್ಲಿಸಿದ್ದ.

"ಯಾವ್ದೋ ಸಿನಿಮಾದಲ್ಲಿರ್ಬೇಕು ಬಿಡು," ಎಂದ ಅಣ್ಣ. "ಊಟ ಆಯ್ತಾ?"